ಮೂವತ್ತು ಮೀಟರ್ ಟೇಪನ್ನು ಹತ್ತು ಸಲ ಹಾಸಿದರೆ ತಪ್ಪು ಹತ್ತು ಸೆಂಟಿಮೀಟರೋ ಮೂರೋ?

ಬದುವಿನ ಹುಡುಗ

ಸಿವಿಲ್ ಡಿಪ್ಲೊಮಾ ಎರಡನೇ ವರ್ಷದ ವಿದ್ಯಾರ್ಥಿ ನಾನು. ಸರ್ವೆ ಪ್ರಾಕ್ಟಿಕಲ್‌ಗಾಗಿ ಆಟದ ಮೈದಾನದ ಉದ್ದನೆಯ ಅಂಚನ್ನು 30 ಮೀಟರಿನ ಫೈಬರ್ ಟೇಪಿನಿಂದ ಅಳೆದೆವು. ಟೇಪು ಹಾಸುವುದು, ತುದಿಯಲ್ಲಿ ಕಡ್ಡಿ ನೆಡುವುದು, ಅಲ್ಲಿಂದ ಮತ್ತೆ ಹಾಸುವುದು. ಹೀಗೆ ಹತ್ತು ಪೂರ್ತಿ ಹಾಸುಗಳು, ಹನ್ನೊಂದನೆಯದು ಒಂದೂವರೆ ಮೀಟರಿಗಿಂತ ಸ್ವಲ್ಪ ಕಡಿಮೆ. ಕಡ್ಡಿ ನೆಡುವಾಗ ಹೆಚ್ಚು ಕಡಿಮೆ 1 ಸೆಂ.ಮೀ. ಆಚೀಚೆ ಆಗುತ್ತದೆ ಎಂದು ಅಂದಾಜು ಮಾಡಿಕೊಂಡು, ಹತ್ತು ಹಾಸಿಗೆ ±10 ಸೆಂ.ಮೀ. ಎಂದು ರೆಕಾರ್ಡ್‌ನಲ್ಲಿ ಬರೆದೆ. ಪಕ್ಕದಲ್ಲಿ ಕುಳಿತಿದ್ದ ಗೆಳೆಯ ±3.2 ಸೆಂ.ಮೀ. ಎಂದು ಬರೆದ. ನಮ್ಮ ಉಪನ್ಯಾಸಕರು ಇಬ್ಬರ ಪುಟದಲ್ಲೂ ಕೆಂಪು ಶಾಯಿಯಲ್ಲಿ ಪ್ರಶ್ನೆಯ ಗುರುತು ಹಾಕಿ, “ಯಾಕೆ ಎಂದು ಬರೆದು ತನ್ನಿ” ಎಂದಿದ್ದಾರೆ. ಅಳತೆ ಒಂದೇ, ಟೇಪು ಒಂದೇ. ಎರಡರಲ್ಲಿ ಯಾವುದು ಸರಿ?

ಪಿಯು ಗಣಿತ

ನೀನು ಬರೆದದ್ದೇ ಸರಿ. ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದಲ್ಲೇ ಇದು ಬರುತ್ತದೆ. ಅಳತೆಗಳನ್ನು ಕೂಡಿಸಿದರೂ ಕಳೆದರೂ ದೋಷಗಳನ್ನು ಕೂಡಿಸಬೇಕು. ಗುಣಿಸಿದರೆ, ಭಾಗಿಸಿದರೆ ಶೇಕಡಾ ದೋಷಗಳನ್ನು ಕೂಡಿಸಬೇಕು. ನಾನು ಹದಿನೈದು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತಿರುವುದು ಇದನ್ನೇ, ಪರೀಕ್ಷೆಯಲ್ಲಿ ಅಂಕ ಬರುವುದೂ ಇದಕ್ಕೇ. 3.2 ಎಲ್ಲಿಂದ ಬಂತೋ ನನಗೆ ತಿಳಿಯದು.

ಅಂಕಿಸಂಖ್ಯೆ

1ರ ವರ್ಗವನ್ನು ಹತ್ತು ಸಲ ಕೂಡಿಸಿ ವರ್ಗಮೂಲ ತೆಗೆದರೆ √10, ಅಂದರೆ 3.2. ಅದು ಬಂದದ್ದು ಅಲ್ಲಿಂದ. ದೋಷಗಳನ್ನು ನೇರವಾಗಿ ಕೂಡಿಸುವುದು ಶಾಲೆಯ ಮಕ್ಕಳಿಗೆ ಲೆಕ್ಕ ಸುಲಭವಾಗಲಿ ಎಂದು ಇಟ್ಟುಕೊಂಡ ದಾರಿ. ನಿಜವಾದ ಕೆಲಸದಲ್ಲಿ ಯಾವಾಗಲೂ ವರ್ಗಗಳನ್ನು ಕೂಡಿಸಿ ಮೂಲ ತೆಗೆಯಬೇಕು. ಗೆಳೆಯನ ಉತ್ತರವೇ ಸರಿ, ನಿಮ್ಮದನ್ನು ಹೊಡೆದುಹಾಕಿ.

ಹಳೆಯ ಪ್ರಯೋಗಾಲಯ

ಪದವಿ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರದ ಪ್ರಯೋಗ ಮಾಡಿಸಿ ನಿವೃತ್ತಳಾದವಳು ನಾನು. ಮೇಲಿನ ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ. ಆದರೆ ಅಂಕಿಸಂಖ್ಯೆಯವರು ಬರೆದ “ಯಾವಾಗಲೂ” ಎಂಬ ಪದವನ್ನು ನಾನು ಒಪ್ಪುವುದಿಲ್ಲ.

ಮೊದಲು ಎರಡೇ ಹಾಸು ತೆಗೆದುಕೊಳ್ಳೋಣ. ಮೊದಲ ಹಾಸಿನಲ್ಲಿ ಕಡ್ಡಿ 1 ಸೆಂ.ಮೀ. ಮುಂದೆ ಬೀಳಬಹುದು ಅಥವಾ ಹಿಂದೆ ಬೀಳಬಹುದು. ಎರಡನೆಯದರಲ್ಲೂ ಹಾಗೆಯೇ. ಒಟ್ಟು ನಾಲ್ಕು ಸಾಧ್ಯತೆಗಳು: ಎರಡೂ ಮುಂದೆ, ಎರಡೂ ಹಿಂದೆ, ಒಂದು ಮುಂದೆ ಒಂದು ಹಿಂದೆ, ಒಂದು ಹಿಂದೆ ಒಂದು ಮುಂದೆ. ಒಟ್ಟು ತಪ್ಪು ಕ್ರಮವಾಗಿ +2, −2, 0, 0. ಇವುಗಳ ವರ್ಗ 4, 4, 0, 0. ಸರಾಸರಿ 2, ಅದರ ಮೂಲ 1.4. ವರ್ಗಮೂಲ ಬಂದದ್ದು ಇಲ್ಲಿಂದ. ನಾಲ್ಕರಲ್ಲಿ ಎರಡು ಸಲ ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕುತ್ತದೆ. ಹತ್ತು ಹಾಸಿನಲ್ಲಿ ಹತ್ತೂ ಕಡ್ಡಿಗಳು ಮುಂದಕ್ಕೇ ಬೀಳುವುದು ನಾಣ್ಯವನ್ನು ಹತ್ತು ಸಲ ಚಿಮ್ಮಿ ಹತ್ತೂ ಸಲ ತಲೆ ಬೀಳುವಷ್ಟು ಅಪರೂಪ, 1024ರಲ್ಲಿ ಒಂದು ಸಲ. ±10 ಎಂದರೆ “ಇದಕ್ಕಿಂತ ಹೆಚ್ಚಾಗಲಾರದು” ಎಂಬ ಮಾತು. ±3.2 ಎಂದರೆ “ಸಾಮಾನ್ಯವಾಗಿ ಇಷ್ಟು” ಎಂಬ ಮಾತು. ಪಿಯು ಗಣಿತದವರು ಹೇಳಿದ ನಿಯಮ ಸುಳ್ಳಲ್ಲ, ಅದು ಉತ್ತರಿಸುವ ಪ್ರಶ್ನೆ ಬೇರೆ.

ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಒಂದು ಕಡ್ಡಿಯ ತಪ್ಪಿಗೂ ಮುಂದಿನ ಕಡ್ಡಿಯ ತಪ್ಪಿಗೂ ಸಂಬಂಧವಿಲ್ಲ ಎಂಬುದರ ಮೇಲೆ. ಕಡ್ಡಿ ನೆಡುವ ಕೈಯ ಮಟ್ಟಿಗೆ ಅದು ಸರಿ. ಟೇಪಿನ ಮಟ್ಟಿಗೆ ಸರಿಯೇ? ನಿಮ್ಮ ಟೇಪಿನ 30 ಮೀಟರ್ ನಿಜವಾಗಿ 30 ಮೀಟರ್ 5 ಮಿ.ಮೀ. ಇದ್ದರೆ, ಹತ್ತು ಹಾಸಿನಲ್ಲೂ ಅದೇ 5 ಮಿ.ಮೀ., ಅದೇ ದಿಕ್ಕಿನಲ್ಲಿ ಸೇರುತ್ತದೆ. ಒಂದು ಇನ್ನೊಂದನ್ನು ಹೊಡೆದುಹಾಕುವ ಮಾತೇ ಇಲ್ಲ. ಅದು ಹತ್ತುಪಟ್ಟಾಗಿ 5 ಸೆಂ.ಮೀ. ಆಗುತ್ತದೆ, √10 ಪಟ್ಟಲ್ಲ. ಎರಡನೇ ದರ್ಜೆಯ 30 ಮೀಟರ್ ಟೇಪಿಗೆ ಅಂಗೀಕೃತ ಮಿತಿಯೇ 6.3 ಮಿ.ಮೀ., ಆದ್ದರಿಂದ ಇದು ಊಹೆಯ ಮಾತಲ್ಲ.

ಹಾಗಾಗಿ ಹಾಸಿನೊಳಗೆ ಎರಡು ಬಗೆಯ ತಪ್ಪುಗಳನ್ನು ಬೇರೆಬೇರೆಯಾಗಿ ಒಟ್ಟುಗೂಡಿಸಿ. ಕಡ್ಡಿಯದು ವರ್ಗಮೂಲದಲ್ಲಿ, 3.2. ಟೇಪಿನದು ನೇರವಾಗಿ, 5. ಆಮೇಲೆ ಈ ಎರಡು ಮೊತ್ತಗಳನ್ನು ನೋಡಿ. ಟೇಪು ಉದ್ದವೋ ಗಿಡ್ಡವೋ ಎಂಬುದಕ್ಕೂ ಕೈ ನಡುಗುವುದಕ್ಕೂ ಸಂಬಂಧವಿಲ್ಲ, ಆದ್ದರಿಂದ ಇವೆರಡನ್ನು ಮತ್ತೆ ವರ್ಗಮೂಲದಲ್ಲಿ ಸೇರಿಸಬಹುದು: √(3.2² + 5²), ಸುಮಾರು 5.9 ಸೆಂ.ಮೀ. ನಿಮ್ಮ 10 ಅಲ್ಲ, ಗೆಳೆಯನ 3.2 ಕೂಡ ಅಲ್ಲ.

ಅಡಿಕೆ ತೋಟ

ನಮ್ಮ ಗೋಳು ಇದೇ. ಹೋದ ಸಲ 40 ಚೀಲ ಅಡಿಕೆ ಮನೆಯಲ್ಲಿ ತೂಗಿ ಮಾರಾಟಕ್ಕೆ ಕಳಿಸಿದೆ. ಅಲ್ಲಿ ತೂಗಿದಾಗ ಒಟ್ಟಿನಲ್ಲಿ 8 ಕಿಲೋ ಕಡಿಮೆ. ಕೇಳಿದರೆ “ಒಂದು ಚೀಲದಲ್ಲಿ ಹೆಚ್ಚು ಬಂದರೆ ಇನ್ನೊಂದರಲ್ಲಿ ಕಡಿಮೆ ಬರುತ್ತದೆ, ತಕ್ಕಡಿ ಎಂದರೆ ಹಾಗೆಯೇ” ಎಂದರು. ನೀವು ಹೇಳುವುದೂ ಅದೇ ಅಲ್ಲವೇ ಮೇಡಂ, ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ ಎಂದು? ಹಾಗಾದರೆ ದೂರು ಕೊಡಲು ಬರುವುದಿಲ್ಲವೇ?

ಹಳೆಯ ಪ್ರಯೋಗಾಲಯ

ನಾನು ಹೇಳಿದ್ದು ಅದಲ್ಲ, ಆದರೆ ನಿಮ್ಮ ಉದಾಹರಣೆ ಬಹಳ ಉಪಯುಕ್ತ. ತಕ್ಕಡಿ ಒಂದೊಂದು ಚೀಲಕ್ಕೆ 100 ಗ್ರಾಂ ಆಚೀಚೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಅದು ಕೇವಲ ಆಚೀಚೆಯಾದರೆ 40 ಚೀಲಕ್ಕೆ 100 × √40, ಅಂದರೆ 630 ಗ್ರಾಂ ಆಸುಪಾಸು ವ್ಯತ್ಯಾಸ ಬರಬೇಕು. ನಿಮ್ಮಲ್ಲೂ ಅಲ್ಲೂ ಎರಡು ಕಡೆ ತೂಗಿದ್ದರಿಂದ ಅದು ಒಂದು ಕಿಲೋ ಮುಟ್ಟಬಹುದು. 8 ಕಿಲೋ ಆಚೀಚೆಯಿಂದ ಬರುವ ಸಂಖ್ಯೆಯಲ್ಲ. 8 ಕಿಲೋವನ್ನು 40ರಿಂದ ಭಾಗಿಸಿದರೆ ಚೀಲಕ್ಕೆ 200 ಗ್ರಾಂ. ಪ್ರತಿ ಚೀಲಕ್ಕೂ ಒಂದೇ ಕಡೆಗೆ ಏನೋ ಜರಗುತ್ತಿದೆ.

ಆದರೆ ಅದು ಅವರ ತಕ್ಕಡಿಯೇ ಎಂದು ಇಷ್ಟರಿಂದ ಹೇಳಲಾಗದು. ನಿಮ್ಮ ಮನೆಯ ತಕ್ಕಡಿ 200 ಗ್ರಾಂ ಹೆಚ್ಚು ತೋರಿಸಿರಬಹುದು. ದಾರಿಯಲ್ಲಿ ಅಡಿಕೆ ಒಣಗಿರಬಹುದು. ಒಂದು ಕೇಳುತ್ತೇನೆ: ಖಾಲಿ ಚೀಲದ ತೂಕವನ್ನು ಹೇಗೆ ಕಳೆದರು?

ಅಡಿಕೆ ತೋಟ

ಮನೆಯಲ್ಲಿ ನಾನು ಖಾಲಿ ಚೀಲವನ್ನು ಅದೇ ತಕ್ಕಡಿಯಲ್ಲಿ ಇಟ್ಟು ನೋಡಿ ಕಳೆದೆ, 800 ಗ್ರಾಂ ಬಂತು. ಅಲ್ಲಿ ಎಲ್ಲ ಚೀಲಕ್ಕೂ ಒಂದು ಕಿಲೋ ಎಂದು ಲೆಕ್ಕ ಹಾಕುತ್ತಾರೆ.

ಹಳೆಯ ಪ್ರಯೋಗಾಲಯ

ನಿಮ್ಮ 200 ಗ್ರಾಂ ಅಲ್ಲೇ ಕುಳಿತಿರುವಂತೆ ಕಾಣುತ್ತದೆ. ಒಂದೇ ಅಂಕಿ 40 ಸಲ ಕಳೆದರೆ ಅದರ ತಪ್ಪು 40 ಪಟ್ಟಾಗುತ್ತದೆ.

ನೀವು ಮನೆಯಲ್ಲಿ ಮಾಡಿದ್ದರಲ್ಲಿ ಒಂದು ಒಳ್ಳೆಯ ಅಂಶವಿದೆ. ಹುಡುಗ, ನೀವೂ ಗಮನಿಸಿ. ತಕ್ಕಡಿ ಏನೂ ಇಡದೆಯೂ 150 ಗ್ರಾಂ ತೋರಿಸುತ್ತದೆ ಎಂದುಕೊಳ್ಳಿ. ತುಂಬಿದ ಚೀಲದಲ್ಲೂ ಆ 150 ಸೇರಿದೆ, ಖಾಲಿ ಚೀಲದಲ್ಲೂ ಸೇರಿದೆ. ಒಂದರಿಂದ ಒಂದನ್ನು ಕಳೆದಾಗ 150 ತಾನಾಗಿ ಹೋಗುತ್ತದೆ. ಇಲ್ಲಿ ನೇರವಾಗಿ ಕೂಡಿಸಿದರೂ ತಪ್ಪು, ವರ್ಗಮೂಲ ತೆಗೆದರೂ ತಪ್ಪು, ಉತ್ತರ ಸೊನ್ನೆ. ಎರಡು ಅಳತೆಗೂ ಸಮಾನವಾದ ತಪ್ಪು ಕೂಡುವಾಗ ಬೆಳೆಯುತ್ತದೆ, ಕಳೆಯುವಾಗ ಕರಗುತ್ತದೆ. ಆದರೆ ತಕ್ಕಡಿ ಸೊನ್ನೆಯಲ್ಲಿ ಸರಿಯಿದ್ದು ತೂಕ ಏರಿದಂತೆ ಹೆಚ್ಚು ಹೆಚ್ಚು ತೋರಿಸುವುದಾದರೆ, ಕಳೆದರೂ ಅದು ಹೋಗುವುದಿಲ್ಲ. ಅದನ್ನು ಹಿಡಿಯಲು ಮುದ್ರೆಯಿರುವ 20 ಕಿಲೋ ಬಟ್ಟುಗಳನ್ನು ಮೊದಲು ಒಂದು, ಆಮೇಲೆ ಎರಡು ಇಟ್ಟು ನೋಡಬೇಕು.

ಲೋಲಕ ಹಿಡಿದವಳು

ಬಿ.ಎಸ್ಸಿ. ಮೊದಲ ವರ್ಷ. ನನ್ನ ಸಂಶಯವೂ ಇದಕ್ಕೆ ಹತ್ತಿರದ್ದೇ. ಸರಳ ಲೋಲಕದಿಂದ g ಕಂಡುಹಿಡಿಯಬೇಕು. ಉದ್ದ 100.0 ± 0.1 ಸೆಂ.ಮೀ. ಇಪ್ಪತ್ತು ಆಂದೋಲನಕ್ಕೆ 40.2 ± 0.2 ಸೆಕೆಂಡ್. g = 4π²L/T² ಎಂಬಲ್ಲಿ ಹಾಕಿದರೆ 9.77 ಬರುತ್ತದೆ. ತಪ್ಪು ಎಷ್ಟು ಎಂದು ಬರೆಯಲಿ?

ಅಂಕಿಸಂಖ್ಯೆ

ಉದ್ದದಲ್ಲಿ ಶೇ. 0.1. ಕಾಲದಲ್ಲಿ 0.2/40.2, ಶೇ. 0.5. T² ಎಂದರೆ T ಗುಣಿಸು T. ಆದ್ದರಿಂದ √(0.5² + 0.5²), ಶೇ. 0.7. ಉದ್ದದ್ದು ಸೇರಿಸಿದರೂ 0.71. ಹಾಗಾಗಿ 9.77 ± 0.07.

ಹಳೆಯ ಪ್ರಯೋಗಾಲಯ

ಇಲ್ಲ. ಪ್ರಯೋಗಾಲಯದಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿದ ತಪ್ಪು ಇದು. ಆ ಎರಡು T ಬೇರೆ ಬೇರೆ ಅಳತೆಗಳೇ? ಒಂದೇ ಸ್ಟಾಪ್‌ವಾಚ್ ಓದಿನ ಒಂದೇ T, ಅದನ್ನು ಅದರಿಂದಲೇ ಗುಣಿಸಿದ್ದು. ಒಂದು T ಶೇ. 0.5 ಹೆಚ್ಚಾಗಿದ್ದರೆ ಇನ್ನೊಂದು ಕಡಿಮೆಯಾಗಿ ಅದನ್ನು ಸರಿತೂಗಿಸಲು ಹೇಗೆ ಸಾಧ್ಯ? ಅದು ತಾನೇ ಇದು. 1.005ರ ವರ್ಗ ತೆಗೆದು ನೋಡಿ, 1.010 ಬರುತ್ತದೆ. ಶೇ. 0.5 ನೇರವಾಗಿ ಇಮ್ಮಡಿಯಾಗಿ ಶೇ. 1.0 ಆಯಿತು. ಇದು ಟೇಪಿನ ತಪ್ಪಿನಂತೆ, ಕಡ್ಡಿಯ ತಪ್ಪಿನಂತೆ ಅಲ್ಲ.

ಉದ್ದ ಮಾತ್ರ ಬೇರೆ ಅಳತೆ, ಬೇರೆ ಉಪಕರಣ. ಅದನ್ನು ವರ್ಗಮೂಲದಲ್ಲಿ ಸೇರಿಸಿ: √(1.0² + 0.1²) = 1.005. ಅಂದರೆ 9.77 ± 0.10. ಇನ್ನೊಂದು ವಿಷಯ ನೋಡಿ. ಉದ್ದದ ತಪ್ಪು ಸೇರಿಸಿದ್ದರಿಂದ 1.0 ಎಂಬುದು 1.005 ಆಯಿತು, ಅಷ್ಟೇ. ದಾರವನ್ನು ಇನ್ನಷ್ಟು ನಾಜೂಕಾಗಿ ಅಳೆಯಲು ನೀವು ಅರ್ಧ ಗಂಟೆ ಕಳೆದರೂ ಉತ್ತರ ಕದಲುವುದಿಲ್ಲ. ಅದರ ಬದಲು ಇಪ್ಪತ್ತರ ಜಾಗದಲ್ಲಿ ಐವತ್ತು ಆಂದೋಲನ ಎಣಿಸಿ. ಸ್ಟಾಪ್‌ವಾಚ್ ಒತ್ತುವ ಕೈಯ ತಪ್ಪು ಅದೇ 0.2 ಸೆಕೆಂಡ್, ಆದರೆ ಈಗ ಅದು 100 ಸೆಕೆಂಡಿನಲ್ಲಿ. T²ನ ತಪ್ಪು ಶೇ. 0.4ಕ್ಕೆ ಇಳಿಯುತ್ತದೆ.

ಅಂಕಿಸಂಖ್ಯೆ

ಒಪ್ಪಿದೆ. ಸೂತ್ರದಲ್ಲಿ ಎಷ್ಟು ಸಲ ಬರೆದಿದೆ ಎಂದು ಎಣಿಸಿದೆ, ಎಷ್ಟು ಸಲ ಅಳೆದಿದ್ದಾರೆ ಎಂದು ಎಣಿಸಲಿಲ್ಲ.

ಸರಪಳಿ

ಭೂಮಾಪನದಲ್ಲಿ ಇದ್ದವನು, ಅದಕ್ಕೇ ಒಂದು ಹಳೆಯ ಮಾತು ಸೇರಿಸುತ್ತೇನೆ. 1802ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದದ್ದು 100 ಅಡಿಯ ಉಕ್ಕಿನ ಸರಪಳಿಯಿಂದ. ರೇಖೆ ಏಳೂವರೆ ಮೈಲಿ, ಸರಪಳಿಯನ್ನು ಸುಮಾರು 400 ಸಲ ಹಾಸಬೇಕು. ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಇಟ್ಟು, ನೆರಳು ಮಾಡಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟಿದ್ದರು. ಕೆಲಸಕ್ಕೆ ಹಿಡಿದದ್ದು 57 ದಿನ. ಒಂದು ರೇಖೆಗೆ ಅಷ್ಟೊಂದು ಯಾಕೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಅನಿಸಿತ್ತು.

ಲೆಕ್ಕ ಹಾಕಿದರೆ ತಿಳಿಯುತ್ತದೆ. 100 ಅಡಿ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.35 ಮಿ.ಮೀ. ಹಿಗ್ಗುತ್ತದೆ. ಉಷ್ಣತೆಯ ಓದು ಒಂದೊಂದು ಹಾಸಿನಲ್ಲಿ ಒಂದು ಡಿಗ್ರಿ ಆಚೀಚೆಯಾದರೆ ಒಟ್ಟು ತಪ್ಪು 0.35 × √400, ಅಂದರೆ 7 ಮಿ.ಮೀ. ಏಳೂವರೆ ಮೈಲಿಗೆ ಅದು ಏನೂ ಅಲ್ಲ. ಆದರೆ ಉಷ್ಣಮಾಪಕಗಳೆಲ್ಲ ಒಂದೇ ಕಡೆಗೆ ಒಂದು ಡಿಗ್ರಿ ತಪ್ಪಿದ್ದರೆ, ಅಥವಾ ಬಿಸಿಲಿನಲ್ಲಿ ಸರಪಳಿ ಗಾಳಿಗಿಂತ ಯಾವಾಗಲೂ ಒಂದು ಡಿಗ್ರಿ ಹೆಚ್ಚು ಕಾದಿದ್ದರೆ, 0.35 × 400, ಅಂದರೆ 14 ಸೆಂ.ಮೀ. ಇಪ್ಪತ್ತು ಪಟ್ಟು. ಆ ನೆರಳು ಯಾಕೆ ಬೇಕಿತ್ತು ಎಂಬುದು ಈ ಎರಡು ಸಂಖ್ಯೆಗಳ ನಡುವೆಯೇ ಇದೆ.

ಹುಡುಗನಿಗೆ ಒಂದು ಎಚ್ಚರಿಕೆ: ಟೇಪು ಮಧ್ಯೆ ಜೋತುಬಿದ್ದರೆ, ನೇರ ಬಿಟ್ಟು ಸೊಟ್ಟಗೆ ಹೋದರೆ, ಇಳಿಜಾರಿನಲ್ಲಿ ನೆಲದ ಮೇಲೆಯೇ ಹಾಸಿದರೆ ಓದು ಯಾವಾಗಲೂ ಹೆಚ್ಚೇ ಬರುತ್ತದೆ, ಎಂದಿಗೂ ಕಡಿಮೆ ಬರುವುದಿಲ್ಲ. ಇಂಥವನ್ನು ± ಒಳಗೆ ತುರುಕಬಾರದು. ಲೆಕ್ಕಹಾಕಿ ಕಳೆಯಬೇಕು, ಇಲ್ಲವೇ ಮತ್ತೆ ಸರಿಯಾಗಿ ಹಾಸಬೇಕು.

ಬದುವಿನ ಹುಡುಗ

ಎಲ್ಲರಿಗೂ ಧನ್ಯವಾದ. ಇವತ್ತು ಮತ್ತೆ ಮೈದಾನಕ್ಕೆ ಹೋಗಿದ್ದೆವು. ಅದೇ ಟೇಪಿನಿಂದ ನಾಲ್ಕು ಸಲ ಅಳೆದಾಗ ಬಂದದ್ದು 301.26, 301.31, 301.28, 301.33. ಸರಾಸರಿ 301.295. ಓದುಗಳ ಹರವನ್ನು, ಅಂದರೆ ಮಾನಕ ವಿಚಲನೆಯನ್ನು, ಲೆಕ್ಕ ಹಾಕಿದರೆ 3.1 ಸೆಂ.ಮೀ. ಬರುತ್ತದೆ, ಗೆಳೆಯನ 3.2ಕ್ಕೆ ಸರಿಯಾಗಿ ಹೊಂದುತ್ತದೆ! ಅವನು ತುಂಬಾ ಖುಷಿಯಲ್ಲಿದ್ದ. ಆಮೇಲೆ ಸ್ಟೋರ್‌ನಿಂದ ಉಕ್ಕಿನ ಟೇಪು ತಂದು ಎರಡು ಸಲ ಅಳೆದೆವು: 301.40, 301.44. ಖುಷಿ ಅಲ್ಲಿಗೆ ನಿಂತಿತು. ಎರಡು ಟೇಪುಗಳ ನಡುವೆ 12 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ.

ಹಳೆಯ ಪ್ರಯೋಗಾಲಯ

ಬಹಳ ಚೆನ್ನಾಗಿ ಮಾಡಿದ್ದೀರಿ. ಅದೇ ಟೇಪಿನಿಂದ ನಾಲ್ಕಲ್ಲ, ನಲವತ್ತು ಸಲ ಅಳೆದರೂ ಟೇಪಿನ ತಪ್ಪು ಕಾಣುತ್ತಿರಲಿಲ್ಲ. ಎಲ್ಲ ಓದುಗಳೂ ಒಟ್ಟಿಗೆ ಸರಿದಿರುತ್ತವೆ, ಹರವು ಚಿಕ್ಕದಾಗಿಯೇ ಇರುತ್ತದೆ. ಅದು ಹೊರಬರುವುದು ಬೇರೆ ಟೇಪು ಬಂದಾಗ ಮಾತ್ರ.

ಈ 12.5 ಆಕಸ್ಮಿಕವೇ? ನಾಲ್ಕು ಓದಿನ ಸರಾಸರಿಯ ತಪ್ಪು 3.1/√4, ಅಂದರೆ 1.6. ಎರಡು ಓದಿನದು 3.1/√2, ಅಂದರೆ 2.2. ವ್ಯತ್ಯಾಸದ ತಪ್ಪು √(1.6² + 2.2²), 2.7 ಸೆಂ.ಮೀ. ನಿಮ್ಮ ವ್ಯತ್ಯಾಸ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು. ಆಕಸ್ಮಿಕವಲ್ಲ. ಮೈದಾನದಲ್ಲಿ ಎಷ್ಟು ಬಿಸಿಲಿತ್ತು? ಉಕ್ಕಿನ ಟೇಪಿನ ಮೇಲೆ 20 ಡಿಗ್ರಿ ಎಂದು ಮುದ್ರಿಸಿದೆಯೇ ನೋಡಿ.

ಬದುವಿನ ಹುಡುಗ

ಹೌದು, 20 °C ಎಂದಿದೆ. ಮೈದಾನದಲ್ಲಿ 32 ಇತ್ತು.

ಸರಪಳಿ

ಹನ್ನೆರಡು ಡಿಗ್ರಿಗೆ 301 ಮೀಟರಿನಲ್ಲಿ ಸುಮಾರು 4 ಸೆಂ.ಮೀ. ಕಾದ ಟೇಪು ಉದ್ದವಾಗಿತ್ತು, ಆದ್ದರಿಂದ ಓದು ಕಡಿಮೆ ಬಂದಿದೆ. ನಿಜವಾದ ಉದ್ದ 301.46ರ ಹತ್ತಿರ. ನಿಮ್ಮ ಫೈಬರ್ ಟೇಪು ಈಗ 16 ಸೆಂ.ಮೀ.ಗೂ ಹೆಚ್ಚು ಹಿಂದೆ ಬಿತ್ತು. ಹಳೆಯ ಫೈಬರ್ ಟೇಪು ಎಳೆದೆಳೆದು ಹಿಗ್ಗಿರುತ್ತದೆ.

ಹಳೆಯ ಪ್ರಯೋಗಾಲಯ

ಹಿಗ್ಗಿರಬಹುದು, ತುದಿಯ ಉಂಗುರದಲ್ಲೂ ತೊಂದರೆಯಿರಬಹುದು. ಎರಡನ್ನೂ ಬೇರ್ಪಡಿಸುವ ಸುಲಭ ಪರೀಕ್ಷೆ ಇದೆ. ಒಂದು ಮೀಟರ್ ಸ್ಕೇಲನ್ನು ಟೇಪಿನ ತುದಿಯಿಂದ ಅಳೆಯಿರಿ. ಮತ್ತೆ ಅದೇ ಸ್ಕೇಲನ್ನು ಟೇಪಿನ 10ನೇ ಮೀಟರಿನಿಂದ 11ನೇ ಮೀಟರಿನವರೆಗೆ ಇಟ್ಟು ನೋಡಿ. ಎರಡನೆಯದು ಕಳೆಯುವ ಅಳತೆ, ಅಡಿಕೆಯವರ ಖಾಲಿ ಚೀಲದಂತೆ. ತುದಿಯ ತಪ್ಪು ಅದರಲ್ಲಿ ಇರುವುದಿಲ್ಲ.

ಪಿಯು ಗಣಿತ

ಎಲ್ಲ ಓದಿದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹುಡುಗ 1 ಸೆಂ.ಮೀ. ಎಂದದ್ದು ಗರಿಷ್ಠ ಮಿತಿಯೋ, ಸಾಮಾನ್ಯ ತಪ್ಪೋ? ಮಿತಿಯಾದರೆ ಕಡ್ಡಿ ಒಂದು ಸೆಂಟಿಮೀಟರಿನೊಳಗೆ ಎಲ್ಲಿ ಬೇಕಾದರೂ ಬಿದ್ದಿರಬಹುದು, ಹಾಗಿದ್ದರೆ ವರ್ಗಮೂಲಕ್ಕೆ 1 ಹಾಕುವುದೇ ತಪ್ಪಲ್ಲವೇ?

ಹಳೆಯ ಪ್ರಯೋಗಾಲಯ

ನ್ಯಾಯವಾದ ಪ್ರಶ್ನೆ. ಮಿತಿಯೊಳಗೆ ಎಲ್ಲ ಜಾಗಕ್ಕೂ ಸಮಾನ ಅವಕಾಶವಿದ್ದರೆ 1ನ್ನು √3ರಿಂದ ಭಾಗಿಸಿ 0.58 ಹಾಕಬೇಕು, ಆಗ ಹತ್ತು ಹಾಸಿಗೆ 1.8 ಸೆಂ.ಮೀ. ಆಗುತ್ತದೆ. ಮೈದಾನದಲ್ಲಿ ಬಂದ 3.1 ನೋಡಿದರೆ 1 ಎಂಬುದು ಸಾಮಾನ್ಯ ತಪ್ಪು ಎಂದು ನನಗೆ ಅನಿಸುತ್ತದೆ.

ಅಂಕಿಸಂಖ್ಯೆ

ನಾಲ್ಕೇ ಓದಿನಿಂದ ತೆಗೆದ ಹರವೂ ಅಲುಗಾಡುತ್ತದೆ ಮೇಡಂ, ಶೇ. 40ರಷ್ಟು. 3.1 ಎಂಬುದು 1.9 ಇದ್ದರೂ ಆಶ್ಚರ್ಯವಿಲ್ಲ. ಪಿಯು ಗಣಿತದವರ ಪ್ರಶ್ನೆಯನ್ನು ಈ ಅಂಕಿಗಳಿಂದ ಮುಗಿಸಲಾಗದು.

ಪಿಯು ಗಣಿತ

ಅಷ್ಟು ಒಪ್ಪಿದರೆ ಸಾಕು. ಮಕ್ಕಳಿಗೆ “ಮಿತಿ” ಎಂದು ಬರೆಸಿ ನೇರವಾಗಿ ಕೂಡಿಸುವುದನ್ನು ನಾನು ಮುಂದುವರಿಸುತ್ತೇನೆ.

ಬದುವಿನ ಹುಡುಗ

ಮೀಟರ್ ಸ್ಕೇಲ್ ಇಟ್ಟು ನೋಡಿದೆ. 10ರಿಂದ 11ನೇ ಮೀಟರಿನವರೆಗೆ ಸರಿಯಾಗಿ ಒಂದು ಮೀಟರ್, ಒಂದು ಮಿಲಿಮೀಟರಿನ ವ್ಯತ್ಯಾಸವೂ ಕಾಣುವುದಿಲ್ಲ. ತುದಿಯಿಂದ ಅಳೆದರೆ ಅದೇ ಸ್ಕೇಲಿನ ಉದ್ದವನ್ನು ಟೇಪು 98.5 ಸೆಂ.ಮೀ. ಎಂದು ತೋರಿಸುತ್ತದೆ. ಟೇಪಿನ ತುದಿಯ ಉಂಗುರ ಯಾವಾಗಲೋ ಕಿತ್ತುಹೋಗಿ, ಯಾರೋ ತಂತಿಯಿಂದ ಇನ್ನೊಂದು ದೊಡ್ಡ ಉಂಗುರ ಕಟ್ಟಿದ್ದಾರೆ. ನಾವು ಉಂಗುರದ ಹೊರಅಂಚನ್ನೇ ಸೊನ್ನೆ ಎಂದುಕೊಂಡು ಪ್ರತಿ ಸಲ ಕಡ್ಡಿಗೆ ಸಿಕ್ಕಿಸುತ್ತಿದ್ದೆವು.

ಹಾಸಿಗೆ 1.5 ಸೆಂ.ಮೀ. ಕೊನೆಯ ಒಂದೂವರೆ ಮೀಟರಿನ ತುಂಡಿಗೂ ಉಂಗುರ ಸಿಕ್ಕಿಸಿದ್ದರಿಂದ ಹತ್ತಲ್ಲ, ಹನ್ನೊಂದು ಸಲ: 16.5 ಸೆಂ.ಮೀ. 301.295ಕ್ಕೆ ಸೇರಿಸಿದರೆ 301.46. ರೆಕಾರ್ಡ್‌ನಲ್ಲಿ ಇದನ್ನು ± ಎಂದು ಬರೆಯದೆ ಸೇರಿಸಿ ತಿದ್ದಿದ್ದೇನೆ. ಕಡ್ಡಿಯದನ್ನು ಮಾತ್ರ ± ಎಂದು ಉಳಿಸಿದ್ದೇನೆ. ಟೇಪಿನ ಚಿತ್ರವನ್ನೂ ಪಕ್ಕದಲ್ಲಿ ಬರೆದು, ಉಂಗುರಕ್ಕೆ ಬಾಣದ ಗುರುತು ಹಾಕಿದ್ದೇನೆ. ನಾಳೆ ಉಪನ್ಯಾಸಕರಿಗೆ ತೋರಿಸಬೇಕು.